ಸುತ್ತು ಹಾಕಿದ ಪದ: ನಾಲ್ಕನೇ ತರಗತಿಯಲ್ಲಿ ಒಂದು ಪ್ಯಾರಾ ಬರೆಸುವ ಪಾಠ

(ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಮಗುವಿನ ಬರಹ ಓದುತ್ತೇನೆ. ನಾಲ್ಕನೇ ತರಗತಿಯ ಹುಡುಗ. ವಿಷಯ, ‘ನನ್ನ ತಮ್ಮ’.

“ನನ್ನ ತಮ್ಮನಿಗೆ ಮೂರು ವರ್ಷ. ನನ್ನ ತಮ್ಮ ನೋಡಲು ಚೆನ್ನಾಗಿದ್ದಾನೆ. ನನ್ನ ತಮ್ಮನ ಹತ್ತಿರ ಕೆಂಪು ಚೆಂಡು ಇದೆ. ನನ್ನ ತಮ್ಮ ಹಠ ಮಾಡುತ್ತಾನೆ. ನನ್ನ ತಮ್ಮ ಬೇಗ ಏಳುತ್ತಾನೆ. ನನಗೆ ನನ್ನ ತಮ್ಮ ಅಂದರೆ ಇಷ್ಟ. ನಾವೆಲ್ಲರೂ ತಮ್ಮಂದಿರನ್ನು ಪ್ರೀತಿಸಬೇಕು.”

ಏಳು ವಾಕ್ಯ. ಒಂದೂ ಕಾಗುಣಿತ ತಪ್ಪಿಲ್ಲ. ಎಲ್ಲವೂ ನಿಜ. ಅಕ್ಷರ ಕೂಡ ದುಂಡಗಿತ್ತು. ಆದರೆ ಓದಿ ಮುಗಿಸಿದ ಮೇಲೆ ಆ ತಮ್ಮ ನಿಮ್ಮ ಕಣ್ಣಿಗೆ ಕಂಡನಾ? ನನಗೆ ಕಾಣಲಿಲ್ಲ.

ಈಗ ಒಂದು ಕೆಲಸ ಮಾಡೋಣ. ಐದನೇ ವಾಕ್ಯವನ್ನು ಎರಡನೆಯದರ ಜಾಗಕ್ಕೆ ತನ್ನಿ. ಮೂರನೆಯದನ್ನು ಮೊದಲಿಗೆ ಹಾಕಿ. ಏನಾದರೂ ಕೆಟ್ಟಿತಾ? ಇಲ್ಲ. ವಾಕ್ಯಗಳನ್ನು ಹೇಗೆ ಕಲಸಿದರೂ ಏನೂ ಆಗುವುದಿಲ್ಲ ಅಂದರೆ, ಅವು ಒಂದಕ್ಕೊಂದು ಅಂಟಿಕೊಂಡಿಲ್ಲ ಅಂತ ಅರ್ಥ. ಹುಡುಗ ಅವನ್ನು ಬರೆದಿದ್ದೂ ಹಾಗೇ. ಪ್ರಶ್ನೋತ್ತರ ಬರೆಯುವ ಹಾಗೆ ಪ್ರತಿ ವಾಕ್ಯಕ್ಕೂ ಹೊಸ ಸಾಲು. ಅವನ ಮನಸ್ಸಿನಲ್ಲಿ ಅದು ಏಳು ಉತ್ತರಗಳ ಪಟ್ಟಿ.

ನಾನು ಆ ಪುಟದ ಕೆಳಗೆ ಮೊದಲ ಸಲ ಏನು ಬರೆದೆ ಗೊತ್ತಾ? ‘ಚೆನ್ನಾಗಿದೆ. ಇನ್ನೂ ಸ್ವಲ್ಪ ಬರೆ.’ ಅವನು ಇನ್ನೆರಡು ವಾಕ್ಯ ಸೇರಿಸಿಕೊಂಡು ಬಂದ. ತಮ್ಮನ ಹುಟ್ಟಿದ ದಿನ, ತಮ್ಮನ ಅಂಗಿಯ ಬಣ್ಣ. ಪಟ್ಟಿ ಉದ್ದವಾಯಿತು, ಅಷ್ಟೇ. ತಪ್ಪು ಅವನದಲ್ಲ, ನಾನು ಕೊಟ್ಟ ಸೂಚನೆಯದು. ಅವನಿಗೆ ಜಾಸ್ತಿ ಬರೆಯುವ ಅಗತ್ಯ ಇರಲಿಲ್ಲ. ಈ ಏಳರಲ್ಲಿ ಯಾವುದಕ್ಕಾಗಿ ಉಳಿದವು ಇವೆ ಎಂದು ತೀರ್ಮಾನಿಸುವ ಅಗತ್ಯ ಇತ್ತು.

ಆ ತೀರ್ಮಾನವನ್ನು ಒಂಬತ್ತು ವರ್ಷದ ಮಗುವಿಗೆ ಹೇಗೆ ಕಲಿಸುವುದು? ಇವತ್ತು ಹೇಳುವುದು ಅದೊಂದನ್ನೇ. ನಲವತ್ತು ನಿಮಿಷದ ನಾಲ್ಕು ಅವಧಿಗಳ ಪಾಠ. ನಾಲ್ಕೂ ಅವಧಿಗೆ ಒಂದೇ ಪ್ಯಾರಾ. ಒಂದು ಪ್ಯಾರಾಗೆ ನಾಲ್ಕು ಅವಧಿ ಜಾಸ್ತಿಯಾಯಿತು ಅಂತ ಅನ್ನಿಸಬಹುದು. ವಾರಕ್ಕೊಂದರಂತೆ ಹತ್ತು ಪ್ಯಾರಾ ಬರೆಸಿದಾಗಲೂ ಬರದ ಬದಲಾವಣೆ ಹೀಗೆ ನಿಧಾನವಾಗಿ ಒಂದನ್ನು ಬರೆಸಿದಾಗ ಬಂದಿದ್ದನ್ನು ನೋಡಿದ್ದೇನೆ.

ಯೋಜನೆ ಶುರುವಾಗುವುದು ನಮ್ಮ ಮೇಜಿನ ಮೇಲೆ. ಪಾಠಕ್ಕೆ ಹೋಗುವ ಮುಂಚೆ ನೀವೇ ಆ ಪ್ಯಾರಾ ಬರೆಯಿರಿ. ಕೈಯಲ್ಲಿ, ಮಕ್ಕಳಿಗೆ ಕೊಡುವಷ್ಟೇ ಸಮಯದಲ್ಲಿ. ನಾನು ಅಳಿಲಿನ ಬಗ್ಗೆ ಬರೆಯಲು ಕುಳಿತೆ. ಮೊದಲ ವಾಕ್ಯ ಹೀಗೆ ಬಂತು: ‘ಅಳಿಲು ಒಂದು ಸಣ್ಣ ಪ್ರಾಣಿ.’ ಎರಡನೆಯದಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಸಣ್ಣ ಪ್ರಾಣಿ, ಸರಿ. ಮುಂದೆ ಏನು ಹೇಳುವುದು? ಎಷ್ಟು ಉದ್ದ, ಎಷ್ಟು ತೂಕ ಅಂತ ಹೇಳಬೇಕು. ಅದು ನನಗೂ ಸರಿಯಾಗಿ ಗೊತ್ತಿಲ್ಲ, ಮಕ್ಕಳಿಗೆ ಎಲ್ಲಿಂದ ಬರಬೇಕು? ಹೊಡೆದು ಹಾಕಿ ಇನ್ನೊಂದು ಬರೆದೆ: ‘ಅಳಿಲು ತುಂಬಾ ಎಚ್ಚರದ ಪ್ರಾಣಿ.’ ಈಗ ಪೆನ್ನು ತಾನಾಗಿ ಓಡಿತು. ನಾನು ಅಳಿಲನ್ನು ಎಷ್ಟೋ ಸಲ ನೋಡಿದ್ದೇನೆ. ಎಚ್ಚರ ಅಂದ ಕೂಡಲೇ ನೋಡಿದ್ದೆಲ್ಲ ನೆನಪಾಯಿತು.

ಮಕ್ಕಳು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಅನ್ನುವುದು ಹೀಗೆ ಬರೆದಾಗ ಮಾತ್ರ ನಮಗೆ ತಿಳಿಯುತ್ತದೆ. ನನಗೆ ಸಿಕ್ಕ ಉತ್ತರ ಇದು. ಮಕ್ಕಳು ವಿವರಗಳಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ನಿಜವಾಗಿ ಸಿಕ್ಕಿಕೊಂಡಿರುವುದು ಮೊದಲ ವಾಕ್ಯದಲ್ಲಿ.

ಮೊದಲ ವಾಕ್ಯವನ್ನು ತರಗತಿಯಲ್ಲಿ ನಾನು ‘ಮುಖ್ಯ ವಾಕ್ಯ’ ಅಂತ ಕರೆಯುತ್ತೇನೆ. ಅದರಲ್ಲಿ ಎರಡು ಭಾಗ ಇರಬೇಕು. ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಅನ್ನುವುದು ಒಂದು. ಅದರ ಬಗ್ಗೆ ನೀನು ಏನು ಹೇಳುತ್ತೀಯ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅಡಿಗೆರೆ, ಎರಡನೆಯದಕ್ಕೆ ಸುತ್ತು. ‘ಅಳಿಲು’ ಅಡಿಗೆರೆ. ‘ಎಚ್ಚರದ’ ಸುತ್ತು. ಈ ಸುತ್ತು ಹಾಕಿದ ಪದವೇ ಇಡೀ ಪಾಠದ ಗೂಟ. ಪ್ಯಾರಾದಲ್ಲಿ ಬರುವ ಪ್ರತಿ ವಾಕ್ಯವೂ ಹಗ್ಗ ಕಟ್ಟಿದ ಹಾಗೆ ಅದಕ್ಕೆ ಕಟ್ಟಿಕೊಂಡಿರಬೇಕು. ಮಕ್ಕಳಿಗೆ ‘ಪೂರಕ ವಿವರ ಮುಖ್ಯ ಆಶಯಕ್ಕೆ ಪೋಷಕವಾಗಿರಬೇಕು’ ಅಂತ ಹೇಳಿದರೆ ತಲೆಗೆ ಹೋಗುವುದಿಲ್ಲ. ‘ಈ ವಾಕ್ಯ ಸುತ್ತಿಗೆ ಸೇರುತ್ತಾ?’ ಅಂದರೆ ತಕ್ಷಣ ತಿಳಿಯುತ್ತದೆ.

ಸುತ್ತು ಹಾಕುವ ಪದ ಯಾವುದಿರಬೇಕು ಅನ್ನುವುದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಎಡವಿದರೆ ಮುಂದಿನ ಮೂರು ಅವಧಿಯೂ ಎಡವುತ್ತದೆ. ‘ಅಳಿಲಿಗೆ ನಾಲ್ಕು ಕಾಲು’ ಅಂದರೆ ಮಾತು ಅಲ್ಲಿಗೇ ಮುಗಿಯಿತು, ಸೇರಿಸಲು ಏನೂ ಉಳಿಯಲಿಲ್ಲ. ‘ಪ್ರಾಣಿಗಳು ಉಪಯುಕ್ತ’ ಅಂದರೆ ಬಾಗಿಲು ಎಷ್ಟು ಅಗಲ ಅಂದರೆ ಏನು ಬೇಕಾದರೂ ಒಳಗೆ ಬರಬಹುದು. ಮಕ್ಕಳಿಗೆ ತುಂಬಾ ಪ್ರಿಯವಾದ ಎರಡು ಪದ, ‘ಇಷ್ಟ’ ಮತ್ತು ‘ಒಳ್ಳೆಯ’. ಇವುಗಳದ್ದೂ ಇದೇ ತೊಂದರೆ. ‘ನನಗೆ ಅಳಿಲು ಇಷ್ಟ’ ಅಂದ ಮೇಲೆ ಅಳಿಲಿನ ಬಾಲ, ಬಣ್ಣ, ಓಟ, ದನಿ ಎಲ್ಲವೂ ಸೇರಬಹುದು. ಯಾವುದನ್ನೂ ಹೊರಗೆ ಹಾಕಲು ಆಗದ ಪದ ಸುತ್ತಿಗೆ ಕೆಲಸಕ್ಕೆ ಬಾರದು. ‘ನಾನು ಇವತ್ತು ಅಳಿಲಿನ ಬಗ್ಗೆ ಬರೆಯುತ್ತೇನೆ’ ಅನ್ನುವ ವಾಕ್ಯವೂ ಬರುತ್ತದೆ. ಅದರಲ್ಲಿ ಅಡಿಗೆರೆ ಹಾಕಲು ಪದ ಇದೆ, ಸುತ್ತು ಹಾಕಲು ಏನೂ ಇಲ್ಲ. ಮಗು ಪೆನ್ಸಿಲ್ ಹಿಡಿದು ಹುಡುಕುತ್ತದೆ, ಸಿಗುವುದಿಲ್ಲ, ತಾನೇ ಕಂಡುಕೊಳ್ಳುತ್ತದೆ. ನಾವು ಬೈಯಬೇಕಾಗಿಲ್ಲ.

ಒಳ್ಳೆಯ ಮುಖ್ಯ ವಾಕ್ಯಕ್ಕೆ ಇನ್ನೊಂದು ಪರೀಕ್ಷೆ ಇದೆ. ಪಕ್ಕದಲ್ಲಿ ಕುಳಿತ ಗೆಳತಿಗೆ ಅದನ್ನು ಹೇಳಬೇಕು. ಅವಳು ‘ಹೌದಾ? ಹೇಗೆ ಗೊತ್ತು?’ ಅಂತ ಕೇಳುವ ಹಾಗಿದ್ದರೆ ಅದು ಸರಿಯಾದ ವಾಕ್ಯ. ‘ಅಳಿಲಿಗೆ ನಾಲ್ಕು ಕಾಲು’ ಅಂದರೆ ಯಾರೂ ‘ಹೇಗೆ ಗೊತ್ತು’ ಅಂತ ಕೇಳಲ್ಲ, ಅಲ್ವಾ?

ಈಗ ಮೊದಲ ಅವಧಿ. ಇದರಲ್ಲಿ ಮಕ್ಕಳು ಏನೂ ಬರೆಯುವುದಿಲ್ಲ. ನಾಲ್ಕು ಮಕ್ಕಳ ಒಂದು ಗುಂಪಿಗೆ ಒಂದು ಲಕೋಟೆ. ಒಳಗೆ ಕಾಗದದ ಏಳು ಪಟ್ಟಿ, ಪಟ್ಟಿಗೊಂದು ವಾಕ್ಯ. ನನ್ನ ಲಕೋಟೆಯಲ್ಲಿದ್ದ ವಾಕ್ಯಗಳು ಇವು:

“ಅಳಿಲು ತುಂಬಾ ಎಚ್ಚರದ ಪ್ರಾಣಿ.”
“ಕಾಯಿ ತಿನ್ನುವಾಗಲೂ ಅದು ನೆಟ್ಟಗೆ ಕೂತು ಆ ಕಡೆ ಈ ಕಡೆ ನೋಡುತ್ತಿರುತ್ತದೆ.”
“ಸಣ್ಣ ಸದ್ದಾದರೂ ಅಲ್ಲಾಡದೆ ನಿಂತುಬಿಡುತ್ತದೆ.”
“ನಾವು ಹತ್ತಿರ ಹೋದರೆ ಮರದ ಕಾಂಡದ ಆಚೆ ಬದಿಗೆ ಸರಿದು ಮರೆಯಾಗುತ್ತದೆ.”
“ಬೆಕ್ಕು ಕಂಡರೆ ಬಾಲ ಝಾಡಿಸುತ್ತಾ ಚಿಕ್ ಚಿಕ್ ಅಂತ ಕೂಗುತ್ತದೆ.”
“ಅಳಿಲಿನ ಬಾಲದ ತುಂಬಾ ಮೆತ್ತನೆಯ ಕೂದಲಿದೆ.”
“ಅದಕ್ಕೇ ಅಳಿಲನ್ನು ಹತ್ತಿರದಿಂದ ನೋಡಬೇಕು ಅಂದರೆ ನಾವೂ ಮರದಂತೆ ನಿಂತಿರಬೇಕು.”

ಇದರಲ್ಲಿ ಒಂದು ಪಟ್ಟಿ ಸೇರುವುದಿಲ್ಲ, ಹುಡುಕಿ ಹೊರಗಿಡಿ ಅಂತ ಹೇಳುತ್ತೇನೆ. ಸೇರದ ಪಟ್ಟಿಯನ್ನು ಬರೆಯುವಾಗ ಜಾಗ್ರತೆ ಬೇಕು. ‘ರೈಲು ಜೋರಾಗಿ ಓಡುತ್ತದೆ’ ಅಂತ ಹಾಕಿದರೆ ಮಕ್ಕಳು ನಕ್ಕು ಎತ್ತಿ ಪಕ್ಕಕ್ಕಿಡುತ್ತಾರೆ. ಅದರಿಂದ ಏನೂ ಕಲಿಯುವುದಿಲ್ಲ. ಯಾಕೆಂದರೆ ಅಳಿಲಿನ ಪ್ಯಾರಾದಲ್ಲಿ ಯಾವ ಮಗುವೂ ರೈಲಿನ ಬಗ್ಗೆ ಬರೆಯುವುದಿಲ್ಲ. ಅವರು ಬರೆಯುವುದು ಬಾಲದ ಬಗ್ಗೆ. ಬಾಲದ ವಾಕ್ಯ ನಿಜ, ಅದು ಅಳಿಲಿನ ಬಗ್ಗೆಯೇ ಇದೆ, ಓದಲು ಚೆನ್ನಾಗಿಯೂ ಇದೆ. ಆದರೂ ‘ಎಚ್ಚರ’ಕ್ಕೆ ಸೇರುವುದಿಲ್ಲ. ನಿಜವಾದ ವಾಕ್ಯವನ್ನೂ ಕೆಲವು ಸಲ ಬಿಡಬೇಕಾಗುತ್ತದೆ ಅನ್ನುವುದು ಮಕ್ಕಳಿಗೆ ಬಹಳ ಹೊಸ ವಿಚಾರ. ಇಲ್ಲಿ ಗುಂಪುಗಳಲ್ಲಿ ಜಗಳವಾಗುತ್ತದೆ. ಆಗಲಿ ಬಿಡಿ. ಒಬ್ಬಳು ‘ಬಾಲ ಇಲ್ಲದ ಅಳಿಲು ಇರುತ್ತಾ? ಇದು ಬೇಕೇ ಬೇಕು’ ಅನ್ನುತ್ತಾಳೆ. ಇನ್ನೊಬ್ಬ ‘ಬೆಕ್ಕಿನ ವಾಕ್ಯದಲ್ಲೂ ಬಾಲ ಇದೆಯಲ್ಲ’ ಅನ್ನುತ್ತಾನೆ. ಅವನು ಹೇಳಿದ್ದು ತುಂಬಾ ಒಳ್ಳೆಯ ಮಾತು. ಎರಡೂ ಕಡೆ ಬಾಲ ಇದೆ. ಒಂದು ಕಡೆ ಅದು ಎಚ್ಚರಿಸುವ ಕೆಲಸ ಮಾಡುತ್ತಿದೆ, ಇನ್ನೊಂದು ಕಡೆ ಸುಮ್ನೆ ಇದೆ.

ಅವಧಿ ಮುಗಿಯಲು ಹತ್ತು ನಿಮಿಷ ಇರುವಾಗ ಮುಖ್ಯ ವಾಕ್ಯದ ಪಟ್ಟಿಯನ್ನು ತೆಗೆಸಿ ಬೇರೆಯದನ್ನು ಕೊಡುತ್ತೇನೆ: ‘ಅಳಿಲು ನೋಡಲು ಮುದ್ದಾದ ಪ್ರಾಣಿ.’ ಈಗ ಯಾವ ಪಟ್ಟಿ ಉಳಿಯುತ್ತದೆ? ಹೊರಗಿದ್ದ ಬಾಲದ ಪಟ್ಟಿ ಒಳಗೆ ಬಂತು. ಕಾಂಡದ ಆಚೆ ಬದಿಗೆ ಸರಿಯುವ ಪಟ್ಟಿ ಹೊರಗೆ ಹೋಯಿತು. ಕಾಯಿ ತಿನ್ನುವ ಪಟ್ಟಿಯನ್ನು ಕೆಲವರು ಇಟ್ಟುಕೊಂಡರು, ನೆಟ್ಟಗೆ ಕೂತು ತಿನ್ನುವುದು ಮುದ್ದಾಗಿರುತ್ತದೆ ಅಂತ. ಅದೂ ಸರಿ. ಒಂದು ವಾಕ್ಯದ ಜಾಗ ಆ ವಾಕ್ಯದೊಳಗೇ ಬರೆದಿರುವುದಿಲ್ಲ, ಸುತ್ತು ಹಾಕಿದ ಪದ ಅದನ್ನು ತೀರ್ಮಾನಿಸುತ್ತದೆ ಅನ್ನುವುದನ್ನು ಮಕ್ಕಳು ಕೈಯಾರೆ ಮಾಡಿ ನೋಡುತ್ತಾರೆ. ಸಮಯ ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಿ, ಈ ಹತ್ತು ನಿಮಿಷ ಬಿಡಬೇಡಿ.

ಎರಡನೇ ಅವಧಿಯಲ್ಲಿ ಇಡೀ ತರಗತಿ ಸೇರಿ ಒಂದು ಪ್ಯಾರಾ ಬರೆಯುತ್ತದೆ. ಸೀಮೆಸುಣ್ಣ ನನ್ನ ಕೈಯಲ್ಲಿ, ಮಾತು ಅವರದು. ವಿಷಯ ಎಲ್ಲರ ಕಣ್ಣ ಮುಂದೆ ಇರುವಂಥದ್ದಾಗಿರಬೇಕು. ನಾನು ಆರಿಸಿದ್ದು ‘ಬಿಡುವು ಮುಗಿದ ಮೇಲೆ ನಮ್ಮ ತರಗತಿ’. ಸುತ್ತು ಹಾಕಲು ಅವರೇ ‘ಗದ್ದಲ’ ಕೊಟ್ಟರು. ಮುಖ್ಯ ವಾಕ್ಯ: ‘ಬಿಡುವು ಮುಗಿದ ಮೇಲೆ ನಮ್ಮ ತರಗತಿಯಲ್ಲಿ ತುಂಬಾ ಗದ್ದಲ.’

‘ಹೇಗೆ ಗೊತ್ತು?’ ಅಂತ ಕೇಳಿದೆ. ‘ಎಲ್ಲರೂ ಕೂಗ್ತಾರೆ ಮಿಸ್.’ ಇದನ್ನು ಹಾಗೇ ಬರೆದುಬಿಟ್ಟರೆ ಮತ್ತೆ ಪಟ್ಟಿಯ ಕಡೆಗೇ ಹೋಗುತ್ತೇವೆ. ಯಾಕೆಂದರೆ ‘ಎಲ್ಲರೂ ಕೂಗುತ್ತಾರೆ’ ಅನ್ನುವುದು ‘ಗದ್ದಲ’ ಅನ್ನುವುದನ್ನೇ ಬೇರೆ ಪದದಲ್ಲಿ ಹೇಳಿದ ಹಾಗೆ. ಅದು ಸಾಕ್ಷಿ ಅಲ್ಲ. ಇಲ್ಲಿ ಎರಡನೇ ಪ್ರಶ್ನೆ ಕೇಳಬೇಕು: ‘ನಾನು ಬಾಗಿಲ ಹತ್ತಿರ ನಿಂತಿದ್ದರೆ ಏನು ಕಾಣುತ್ತಿತ್ತು? ಏನು ಕೇಳಿಸುತ್ತಿತ್ತು?’ ಆಗ ಬಂದ ಉತ್ತರಗಳು ಬೇರೆ. ‘ಬೆಂಚು ಎಳೆಯೋ ಕರ್ರ್ ಸದ್ದು.’ ‘ನನ್ನ ಪೆನ್ಸಿಲ್ ಯಾರು ತಗೊಂಡ್ರು ಅಂತ ಒಬ್ಬಳು ಕಿರುಚ್ತಾಳೆ.’ ‘ಹಿಂದಿನ ಬೆಂಚಿನವರು ಆಟದಲ್ಲಿ ಯಾರು ಗೆದ್ದಿದ್ದು ಅಂತ ಇನ್ನೂ ವಾದ ಮಾಡ್ತಿರ್ತಾರೆ.’ ಇವು ಸಾಕ್ಷಿ. ಪೂರಕ ವಿವರ ಅಂದರೆ ಇದೇ. ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ, ಇದು ಯಾವ ತರಗತಿ ಅಂತ.

ಬೋರ್ಡಿನ ಮೇಲೆ ಬರೆಯುವಾಗ ನಾನು ಬೇಕೆಂದೇ ಹೊಡೆದು ಹಾಕುತ್ತೇನೆ, ಬಾಣ ಎಳೆದು ವಾಕ್ಯದ ಜಾಗ ಬದಲಿಸುತ್ತೇನೆ. ಹೊಡೆದು ಹಾಕಿದ್ದನ್ನು ಅಳಿಸುವುದಿಲ್ಲ. ಬರೆದದ್ದು ಬದಲಾಗಬಹುದು ಅನ್ನುವುದು ಮಕ್ಕಳಿಗೆ ಕಾಣಬೇಕು. ಅಚ್ಚುಕಟ್ಟಾಗಿ ಬರೆದ ಬೋರ್ಡನ್ನು ನೋಡಿದರೆ ಅವರು ನಕಲು ಮಾಡುತ್ತಾರೆ, ಕಲಿಯುವುದಿಲ್ಲ.

ಇದೇ ಅವಧಿಯಲ್ಲಿ ವಾಕ್ಯಗಳನ್ನು ಅಂಟಿಸುವ ಕೆಲಸವನ್ನೂ ತೋರಿಸುತ್ತೇನೆ. ಕನ್ನಡದಲ್ಲಿ ಇದಕ್ಕೆ ಬಹಳ ಸುಲಭದ ದಾರಿ ಇದೆ. ಮೊದಲ ವಾಕ್ಯದಲ್ಲಿ ಹೆಸರು ಬಂದ ಮೇಲೆ, ಎರಡನೆಯದರಲ್ಲಿ ‘ಅದು’ ಅಥವಾ ‘ಅವನು’ ಸಾಕು. ಎಷ್ಟೋ ಸಲ ಅದೂ ಬೇಡ. ‘ನಿಂತುಬಿಡುತ್ತದೆ’ ಅಂದರೆ ಸಾಕು, ಯಾರು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇದೆ. ಆ ಹುಡುಗ ಏಳು ವಾಕ್ಯದಲ್ಲಿ ಆರು ಸಲ ‘ನನ್ನ ತಮ್ಮ’ ಅಂತ ಬರೆದಿದ್ದ. ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗೆ. ‘ತಿನ್ನುವಾಗಲೂ’, ‘ಸದ್ದಾದರೂ’ ಅನ್ನುವಲ್ಲಿ ಬರುವ ಆ ಸಣ್ಣ ‘ಊ’ ಕೂಡ ಅಂಟಿನ ಕೆಲಸ ಮಾಡುತ್ತದೆ. ‘ಮೊದಲನೆಯದಾಗಿ, ಎರಡನೆಯದಾಗಿ’ ಅಂತ ಕಲಿಸುವುದಕ್ಕಿಂತ ಇದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕನೇ ತರಗತಿಯ ಮಗು ‘ಮೊದಲನೆಯದಾಗಿ’ ಅಂತ ಶುರು ಮಾಡಿದ ಕೂಡಲೇ ಅದರ ದನಿ ಮಾಯವಾಗಿ ಭಾಷಣದ ದನಿ ಬಂದುಬಿಡುತ್ತದೆ. ಸಂಬಂಧ ಪದ ಬೇಕೇ ಬೇಕು ಅಂದರೆ ‘ಒಂದು ದಿನ’, ‘ಅಷ್ಟೇ ಅಲ್ಲ’, ‘ಅದಕ್ಕೇ’. ಈ ಮೂರು ಈ ವರ್ಷಕ್ಕೆ ಸಾಕು.

ಮೂರನೇ ಅವಧಿ ಮಕ್ಕಳ ಸ್ವಂತ ಬರವಣಿಗೆ. ವಿಷಯ, ‘ನಾನು ದಿನಾ ನೋಡುವ ಒಬ್ಬ ವ್ಯಕ್ತಿ ಅಥವಾ ಒಂದು ಪ್ರಾಣಿ’. ಎಲ್ಲರಿಗೂ ತಮ್ಮ ಇರುವುದಿಲ್ಲ, ಮನೆಯವರ ಬಗ್ಗೆ ಬರೆಯಲು ಕೆಲವರಿಗೆ ಮನಸ್ಸಿರುವುದಿಲ್ಲ. ಪ್ರಾಣಿ ಅಂತ ಸೇರಿಸಿರುವುದು ಅದಕ್ಕೇ. ‘ದಿನಾ’ ಅನ್ನುವ ಪದವೂ ಬಹಳ ಮುಖ್ಯ. ಹುಲಿಯ ಬಗ್ಗೆ ಬರೆಯಿರಿ ಅಂದರೆ ಪುಸ್ತಕದ ವಾಕ್ಯಗಳೇ ಬರುತ್ತವೆ. ದಿನಾ ನೋಡುವುದರ ಬಗ್ಗೆ ಅವರ ಹತ್ತಿರ ಸಾಕ್ಷಿ ಇರುತ್ತದೆ.

ಮೊದಲ ಹತ್ತು ನಿಮಿಷ ಬರೀ ಪದಗಳು. ಹಾಳೆಯ ಮಧ್ಯೆ ಒಂದು ಸುತ್ತು, ಒಳಗೆ ಒಂದು ಪದ. ಸುತ್ತಲೂ ನೆನಪಾದದ್ದನ್ನು ಒಂದೆರಡು ಪದದಲ್ಲಿ ಬರೆಯಬೇಕು. ವಾಕ್ಯ ಬರೆಯುವ ಹಾಗಿಲ್ಲ. ಆಮೇಲೆ ಐದು ನಿಮಿಷ ಪಕ್ಕದವರಿಗೆ ಇಡೀ ಪ್ಯಾರಾವನ್ನು ಬಾಯಲ್ಲಿ ಹೇಳಬೇಕು. ಕೇಳುವವರ ಕೆಲಸ ಎರಡೇ ಪ್ರಶ್ನೆ: ‘ಹೇಗೆ ಗೊತ್ತು?’, ‘ನಾನು ಅಲ್ಲಿದ್ದಿದ್ದರೆ ಏನು ಕಾಣುತ್ತಿತ್ತು?’ ಹೀಗೆ ಬಾಯಲ್ಲಿ ಹೇಳಿಸುವುದಕ್ಕೆ ಕಾರಣ ಇದೆ. ಈ ವಯಸ್ಸಿನಲ್ಲಿ ಅಕ್ಷರ ಬರೆಯುವುದು, ಒತ್ತಕ್ಷರ ನೆನಪಿಸಿಕೊಳ್ಳುವುದು, ಸಾಲು ನೇರವಾಗಿಡುವುದು, ಇವೇ ತಲೆಯ ಬಹುಪಾಲು ಜಾಗ ತಿನ್ನುತ್ತವೆ. ಅದರ ಜೊತೆಗೆ ಏನು ಹೇಳಬೇಕು ಅಂತಲೂ ಆಗಲೇ ಯೋಚಿಸು ಅಂದರೆ ಎರಡರಲ್ಲಿ ಒಂದು ಕೈಬಿಡುತ್ತದೆ. ಬಾಯಲ್ಲಿ ಒಮ್ಮೆ ಹೇಳಿದ್ದನ್ನು ಬರೆಯುವುದು ಸುಲಭ. ಉಳಿದ ಇಪ್ಪತ್ತೈದು ನಿಮಿಷ ಬರವಣಿಗೆ. ಮುಖ್ಯ ವಾಕ್ಯ, ಅದರ ನಂತರ ಮೂರು ನಾಲ್ಕು ವಿವರ. ಒಂದರ ಪಕ್ಕ ಒಂದು, ಹೊಸ ಸಾಲಿಗೆ ಹೋಗದೆ. ಮುಕ್ತಾಯದ ವಾಕ್ಯ ಈ ದಿನ ಬರೆಯುವುದಿಲ್ಲ.

ಆ ಹುಡುಗನ ಹತ್ತಿರ ಕುಳಿತೆ. ಅವನ ಸುತ್ತಿನೊಳಗೆ ‘ಒಳ್ಳೆಯವನು’ ಅಂತ ಇತ್ತು. ಹಳೆಯ ಏಳು ವಾಕ್ಯವನ್ನೇ ಓದಿಸಿದೆ. ‘ಇದರಲ್ಲಿ ಯಾವುದನ್ನು ಹೇಳುವಾಗ ನಿನಗೆ ಜಾಸ್ತಿ ನೆನಪಾಗುತ್ತೆ?’ ಅಂತ ಕೇಳಿದೆ. ತಕ್ಷಣ ಅಂದ, ‘ಹಠ ಮಿಸ್. ಅಯ್ಯೋ, ಎಷ್ಟು ಹಠ ಗೊತ್ತಾ!’ ‘ಹೇಗೆ ಗೊತ್ತು?’ ಅಂದೆ. ಶುರುವಾಯಿತು ನೋಡಿ, ಐದು ನಿಮಿಷ ನಿಲ್ಲಿಸಲೇ ಇಲ್ಲ. ‘ಒಳ್ಳೆಯವನು’ ಹೊಡೆದು ‘ಹಠಮಾರಿ’ ಬರೆದ. ಆ ದಿನ ಅವನು ಬರೆದದ್ದು ಇದು:

“ನನ್ನ ತಮ್ಮ ತುಂಬಾ ಹಠಮಾರಿ. ಅವನಿಗೆ ಇನ್ನೂ ಮೂರೇ ವರ್ಷ, ಆದರೂ ಶೂ ತಾನೇ ಹಾಕಿಕೊಳ್ಳಬೇಕು ಅನ್ನುತ್ತಾನೆ. ಎಡಗಾಲಿನದು ಬಲಗಾಲಿಗೆ ಹೋದರೂ ಬಿಚ್ಚಲು ಬಿಡುವುದಿಲ್ಲ. ಮಲಗುವಾಗಲೂ ಕೆಂಪು ಚೆಂಡು ಪಕ್ಕದಲ್ಲಿ ಇರಬೇಕು. ಒಂದು ದಿನ ಅದು ಮಂಚದ ಕೆಳಗೆ ಹೋಗಿತ್ತು. ಅಮ್ಮ ಬೇರೆ ಚೆಂಡು ಕೊಟ್ಟರೂ ಎಸೆದ. ಅದು ಸಿಗುವವರೆಗೂ ಯಾರನ್ನೂ ಮಲಗಲು ಬಿಡಲಿಲ್ಲ.”

ಮೊದಲ ಬರಹದಲ್ಲಿದ್ದ ಮೂರು ವರ್ಷ ಇಲ್ಲೂ ಇದೆ, ಕೆಂಪು ಚೆಂಡೂ ಇದೆ. ಅಲ್ಲಿ ಅವು ಸುಮ್ನೆ ಬಿದ್ದಿದ್ದವು. ಇಲ್ಲಿ ‘ಇನ್ನೂ ಮೂರೇ ವರ್ಷ, ಆದರೂ’ ಅಂದ ಕೂಡಲೇ ವಯಸ್ಸು ಹಠಕ್ಕೆ ಕಟ್ಟಿಕೊಂಡಿತು. ಬೇಗ ಏಳುವುದು, ನೋಡಲು ಚೆನ್ನಾಗಿರುವುದು, ಇವನ್ನು ಅವನೇ ಬಿಟ್ಟ. ನಾನು ಹೇಳಲಿಲ್ಲ. ಈಗ ಈ ವಾಕ್ಯಗಳನ್ನು ಕಲಸಿ ನೋಡಿ. ಚೆಂಡು ಮಂಚದ ಕೆಳಗೆ ಹೋಗುವುದು ಮೊದಲು ಬಂದರೆ ‘ಅದು’ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಕಲಸಿದರೆ ಕೆಡುತ್ತದೆ. ಅಂದರೆ ಅಂಟಿಕೊಂಡಿದೆ.

ನಾಲ್ಕನೇ ಅವಧಿ ಮುಕ್ತಾಯದ ವಾಕ್ಯಕ್ಕೆ. ಇದನ್ನು ಬೇರೆ ದಿನ ಇಟ್ಟುಕೊಳ್ಳಿ. ಬರೆದು ದಣಿದ ಮಗು ಪ್ಯಾರಾದ ಕೊನೆಯಲ್ಲಿ ಬೇಗ ಮುಗಿಸಲು ನೋಡುತ್ತದೆ. ಆಗ ಬರುವುದು ಎರಡೇ ಬಗೆ. ಒಂದು, ಮೊದಲ ವಾಕ್ಯವನ್ನೇ ‘ಆದ್ದರಿಂದ’ ಸೇರಿಸಿ ಮತ್ತೆ ಬರೆಯುವುದು. ಇನ್ನೊಂದು ನೀತಿ. ‘ನಾವೆಲ್ಲರೂ ತಮ್ಮಂದಿರನ್ನು ಪ್ರೀತಿಸಬೇಕು.’ ನೀತಿಯ ವಾಕ್ಯ ಕೇಳಲು ಚೆನ್ನಾಗಿರುತ್ತದೆ, ದೊಡ್ಡವರು ಮೆಚ್ಚುತ್ತಾರೆ, ಮಕ್ಕಳಿಗೆ ಅದು ಗೊತ್ತು. ಆದರೆ ಹಠದ ಪ್ಯಾರಾದಲ್ಲಿ ಪ್ರೀತಿಯ ಮಾತು ಎಲ್ಲೂ ಇರಲಿಲ್ಲ. ಕೊನೆಯ ವಾಕ್ಯ ಹೊಸ ವಿಷಯ ತಂದರೆ ಅದು ಇನ್ನೊಂದು ಪ್ಯಾರಾದ ಶುರು.

ಎರಡು ದಿನ ಬಿಟ್ಟು, ತಾವು ಬರೆದದ್ದನ್ನು ಜೋರಾಗಿ ಓದಲು ಹೇಳುತ್ತೇನೆ. ಓದಿ ಮುಗಿಸಿದ ಕೂಡಲೇ ಒಂದು ಪ್ರಶ್ನೆ: ‘ಇಷ್ಟೆಲ್ಲ ಹೇಳಿದ ಮೇಲೆ ಈಗ ನಿನಗೆ ಏನನ್ನಿಸುತ್ತೆ? ಸುತ್ತಿನ ಪದ ಬಳಸದೆ ಹೇಳು.’ ಈ ಷರತ್ತು ಮುಖ್ಯ. ಪದ ಬಳಸಬಾರದು, ಅದರ ವಿಚಾರ ಇರಬೇಕು. ಆ ಪದ ಕೈಯಲ್ಲಿ ಇಲ್ಲದಿದ್ದಾಗ ಮಗು ವಿವರಗಳ ಕಡೆಗೆ ತಿರುಗುತ್ತದೆ. ಆ ಹುಡುಗ ಮೊದಲು ‘ಅವನು ಯಾರ ಮಾತೂ ಕೇಳಲ್ಲ’ ಅಂದ. ಅದು ಪರವಾಗಿಲ್ಲ, ಆದರೆ ಇನ್ನೊಂದು ವಿವರದ ಹಾಗಿದೆ. ‘ಚೆಂಡು ಸಿಕ್ಕ ಮೇಲೆ ಏನಾಯಿತು?’ ಅಂತ ಕೇಳಿದೆ. ‘ಎಲ್ಲರೂ ಮಲಗಿದ್ವಿ ಮಿಸ್. ಅವನು ಹೇಳಿದ ಹಾಗೇ ಆಯ್ತು. ದಿನಾ ಅವನು ಹೇಳಿದ ಹಾಗೇ ಆಗೋದು.’ ಸ್ವಲ್ಪ ಯೋಚಿಸಿ ಬರೆದ: ‘ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಅವನು, ಆದರೆ ಗೆಲ್ಲುವುದು ಯಾವಾಗಲೂ ಅವನೇ.’

ಮುಕ್ತಾಯದ ವಾಕ್ಯ ಸರಿ ಇದೆಯಾ ಅಂತ ನೋಡಲು ಮೊದಲ ಮತ್ತು ಕೊನೆಯ ವಾಕ್ಯವನ್ನು ಮಾತ್ರ ಒಟ್ಟಿಗೆ ಓದಿ. ‘ನನ್ನ ತಮ್ಮ ತುಂಬಾ ಹಠಮಾರಿ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಅವನು, ಆದರೆ ಗೆಲ್ಲುವುದು ಯಾವಾಗಲೂ ಅವನೇ.’ ಎರಡೂ ಒಂದೇ ಮಾತಿನ ಎರಡು ತುದಿ. ಮಧ್ಯೆ ಏನೋ ನಡೆದಿದೆ ಅನ್ನುವುದೂ ಗೊತ್ತಾಗುತ್ತದೆ.

ತಿದ್ದುವುದರ ಬಗ್ಗೆ ಒಂದು ಮಾತು. ಈ ಪಾಠದಲ್ಲಿ ನಾನು ತಿದ್ದುವುದು ಒಂದನ್ನೇ: ಸುತ್ತಿಗೆ ಸೇರದ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ಅಷ್ಟೇ. ಕಾಗುಣಿತವನ್ನು ಕೊನೆಯ ಪ್ರತಿ ಬರೆಯುವಾಗ ನೋಡುತ್ತೇನೆ. ಮೊದಲ ಪ್ರತಿಯಲ್ಲಿ ಇಪ್ಪತ್ತು ಕೆಂಪು ಗೆರೆ ಕಂಡ ಮಗು ಮುಂದಿನ ಸಲ ಬರೆಯಲು ಬರುವ ಪದಗಳನ್ನು ಮಾತ್ರ ಬಳಸುತ್ತದೆ. ‘ಝಾಡಿಸು’ ಬರೆಯಲು ಭಯವಾಗಿ ‘ಬಾಲ ಇದೆ’ ಅಂತ ಬರೆಯುತ್ತದೆ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಮೇಷ್ಟ್ರು ಕೇಳಿದರು: “ನನ್ನ ತರಗತಿಯಲ್ಲಿ ಕೆಲವರು ಎರಡು ವಾಕ್ಯ ಬರೆಯುವುದೂ ಕಷ್ಟ. ಅವರಿಗೆ ಇದನ್ನು ಹೇಗೆ ಮಾಡಿಸುವುದು?” ಆ ಮಕ್ಕಳಿಗೆ ಮೊದಲ ಅವಧಿ ಎಲ್ಲರ ಹಾಗೇ ಇರಲಿ, ಪಟ್ಟಿ ಜೋಡಿಸಲು ಅವರಿಗೂ ಬರುತ್ತದೆ. ಮೂರನೇ ಅವಧಿಯಲ್ಲಿ ಅವರು ಬಾಯಲ್ಲಿ ಹೇಳಿದ ಮುಖ್ಯ ವಾಕ್ಯವನ್ನು ನೀವು ಬರೆದುಕೊಡಿ, ವಿವರದ ಒಂದೆರಡು ವಾಕ್ಯ ಅವರು ಬರೆಯಲಿ. ಸುತ್ತು ಹಾಕುವ ಪದವನ್ನು ಮಾತ್ರ ನೀವು ಕೊಡಬೇಡಿ. ಅದು ಅವರದೇ ಆಗಿರಬೇಕು. ಬರೆಯಲು ಕಷ್ಟಪಡುವ ಮಗುವಿಗೆ ತೀರ್ಮಾನಿಸಲು ಕಷ್ಟ ಇರಬೇಕು ಅಂತೇನಿಲ್ಲ.

ಇನ್ನೊಬ್ಬ ಮೇಡಂ ಕೇಳಿದರು: “ಎಲ್ಲ ಬರಹಕ್ಕೂ ಇದೇ ಅಚ್ಚು ಹಾಕಿದರೆ ಮಕ್ಕಳ ಕಲ್ಪನೆ ಕಟ್ಟಿಹಾಕಿದ ಹಾಗೆ ಆಗಲ್ವಾ?” ಎಲ್ಲದಕ್ಕೂ ಹಾಕಿದರೆ ಖಂಡಿತ ಆಗುತ್ತದೆ. ಕಥೆಗೆ ಇದು ಬೇಡ. ಪತ್ರಕ್ಕೂ ಬೇಡ. ‘ನನ್ನ ಅಜ್ಜ ತುಂಬಾ ಧೈರ್ಯವಂತ’ ಅಂತ ಮೊದಲೇ ಹೇಳಿಬಿಟ್ಟರೆ ಕಥೆಯಲ್ಲಿ ಕೇಳುವುದಕ್ಕೆ ಏನು ಉಳಿಯುತ್ತದೆ? ದೊಡ್ಡವರ ಬರಹದಲ್ಲೂ ಮುಖ್ಯ ವಾಕ್ಯ ಯಾವಾಗಲೂ ಮೊದಲೇ ಬರುವುದಿಲ್ಲ. ಕೆಲವು ಪ್ಯಾರಾಗಳಲ್ಲಿ ಕೊನೆಗೆ ಬರುತ್ತದೆ, ಕೆಲವುಗಳಲ್ಲಿ ಬರುವುದೇ ಇಲ್ಲ. ವರ್ಷದ ಕೊನೆಯ ಹೊತ್ತಿಗೆ, ಚೆನ್ನಾಗಿ ಬರೆಯುವ ಮಕ್ಕಳಿಗೆ ಮುಖ್ಯ ವಾಕ್ಯವನ್ನು ಕೈಯಿಂದ ಮುಚ್ಚಿ ಓದಲು ಹೇಳಿ. ಕೇಳಿದವರು ಸುತ್ತಿನ ಪದವನ್ನು ಊಹಿಸಿದರೆ, ಆ ವಾಕ್ಯವನ್ನು ತೆಗೆಯಬಹುದು. ಅಲ್ಲಿವರೆಗೆ ಅದು ಇರಲಿ.

ಮತ್ತೆ, ಅಚ್ಚು ಒಂದೇ ಆದರೂ ಸುತ್ತಿನ ಪದ ಬದಲಾಗುತ್ತದೆ. ಎರಡು ತಿಂಗಳ ನಂತರ ಅದೇ ಹುಡುಗ ತಾನಾಗಿ ಇನ್ನೊಂದು ಪ್ಯಾರಾ ತಂದು ಕೊಟ್ಟ. ಮತ್ತೆ ತಮ್ಮನ ಬಗ್ಗೆಯೇ. ಈ ಸಲ ಸುತ್ತಿನೊಳಗೆ ‘ಹೆದರಿಕೆ’ ಇತ್ತು. ಗುಡುಗು ಬಂದರೆ ತಮ್ಮ ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ, ಯಾರ ಕೈ ಹಿಡಿಯುತ್ತಾನೆ, ಎಷ್ಟು ಬಿಗಿಯಾಗಿ ಹಿಡಿಯುತ್ತಾನೆ ಅಂತ ಬರೆದಿದ್ದ. ಕೆಂಪು ಚೆಂಡು ಅದರಲ್ಲಿ ಎಲ್ಲೂ ಇರಲಿಲ್ಲ.